ಪಾಲಿಗೆ ತಂದ ಎಮ್ಮೆ, ಹದಿನೇಳು ಆಡು

"ಸಂಪಾದಕರೇ, ಹೋದ ಸಂಚಿಕೆಯ ಕಥೆಯಲ್ಲಿ ಗಂಡ ತೀರಿಕೊಂಡ ಹೆಣ್ಣುಮಗಳು 4 ಆಡು ಕೊಂಡು, ಒಂದು ಎಮ್ಮೆಯನ್ನು ಪಾಲಿಗೆ ತಂದು, ಎರಡನೇ ಕಾರಹುಣ್ಣಿಮೆಯ ಹೊತ್ತಿಗೆ 17 ಆಡು, ಒಂದು ಎಮ್ಮೆಗರು ಮಾಡಿಕೊಳ್ಳುತ್ತಾಳೆ. ಇದು ನಿಜಕ್ಕೂ ಆಗುವ ಮಾತೇ? ಮಂದಿಯ ಎಮ್ಮೆಯ ಕರು ಅವಳದು ಹೇಗಾಯಿತು?"
— ಒಬ್ಬ ಓದುಗರು, ವಿಜಯಪುರ ಜಿಲ್ಲೆ

ಆಗುತ್ತದೆ, ಆದರೆ ಎಮ್ಮೆ ಇದ್ದರೆ ಮಾತ್ರ. ಆಡಿನ ಲೆಕ್ಕವನ್ನೇ ಮೊದಲು ನೋಡೋಣ. ಕಥೆಯವು ಉಸ್ಮಾನಾಬಾದಿ ತಳಿಯವು, ಒಂದು ಸೂಲು ಈದವು. ಆಡಿನ ಗಬ್ಬ 5 ತಿಂಗಳು. ಈದ ಮೂರು ತಿಂಗಳಿಗೆ ಮತ್ತೆ ಕಟ್ಟಿದರೆ 8 ತಿಂಗಳಿಗೊಂದು ಸೂಲು. ಜೂನ್‌ನಲ್ಲಿ ಬಂದವು ಡಿಸೆಂಬರ್, ಆಗಸ್ಟ್, ಏಪ್ರಿಲ್ ಹೀಗೆ ಮೂರು ಸಲ ಈಯುತ್ತವೆ. ಅವಳಿ ಹಾಕುವುದೂ ಒಂಟಿ ಹಾಕುವುದೂ ಸೇರಿ ಸಲಕ್ಕೆ 6 ಮರಿ ಎಂದರೆ ಒಟ್ಟು 18. ಮೂರು ಸತ್ತವು, ಎರಡು ಹೋತಮರಿ ಮಾರಿದಳು. ಉಳಿದ 13ಕ್ಕೆ ತಾಯಿ 4 ಸೇರಿದರೆ 17.

ಅಂದರೆ ಎರಡು ವರ್ಷದಲ್ಲಿ ಮಾರಿದ್ದು ಎರಡೇ. ಆಡು ಮಾತ್ರ ಇದ್ದವರಿಗೆ ಇದು ಸಾಧ್ಯವಿಲ್ಲ. ಸಂತೆಯ ಖರ್ಚಿಗೆ ಮರಿಗಳು ಒಂದೊಂದಾಗಿ ಹೋಗಿಬಿಡುತ್ತವೆ. ಇಲ್ಲಿ ಮನೆ ನಡೆಸಿದ್ದು ಎಮ್ಮೆಯ ಹಾಲು. ಆ ಹೋತಮರಿಗಳು ಹೋದದ್ದು ಯಾವಾಗ ಎಂದು ಗಮನಿಸಿ: ಎಮ್ಮೆ ಬತ್ತಿದ ಬೇಸಿಗೆಯಲ್ಲಿ, ಆರು ತಿಂಗಳ ಮರಿಗಳಾಗಿದ್ದಾಗ. ಕುರ್ಬಾನಿಗೆ ವರ್ಷ ತುಂಬಿದ ಹೋತವೇ ಬೇಕು, ಅದಕ್ಕೇ ಬಕ್ರೀದ್‌ನ ಬೆಲೆ ಆಕೆಗೆ ಸಿಗಲಿಲ್ಲ. ಹೋತಮರಿಗಳನ್ನು ನಾಲ್ಕನೇ ತಿಂಗಳಿಗೇ ಬೇರೆ ಕಟ್ಟಿದ್ದೂ ಸರಿಯೇ; ಇಲ್ಲದಿದ್ದರೆ ತಾಯಿ, ತಂಗಿಯರನ್ನೇ ಹತ್ತುತ್ತವೆ.

ಇನ್ನು ಪಾಲಿನ ಮಾತು. ಕರಾರು ಊರಿಂದ ಊರಿಗೆ ಬೇರೆ. ಕಥೆಯಲ್ಲಿರುವುದು ಹೀಗೆ: ಮೇವು, ದುಡಿಮೆ ಆಕೆಯದು, ಹಾಲೂ ಆಕೆಯದು. ಎಮ್ಮೆಯ ಜೊತೆ ಬಂದ ಕರು ಧಣಿಯದು. ಆಕೆಯ ಕೊಟ್ಟಿಗೆಯಲ್ಲಿ ಹುಟ್ಟುವ ಕರು ಅರ್ಧ ಅರ್ಧ. ಇಬ್ಬರು ಹಿರಿಯರು ಬೆಲೆ ಕಟ್ಟುತ್ತಾರೆ, ಬೇಕಾದವರು ಇನ್ನೊಬ್ಬರ ಅರ್ಧ ಕೊಟ್ಟು ಇಟ್ಟುಕೊಳ್ಳುತ್ತಾರೆ. ಎರಡನೇ ಸೂಲಿನ ಹಾಲಿನ ದುಡ್ಡಲ್ಲಿ ಆಕೆ ಮಾಡಿದ್ದು ಅದನ್ನೇ.

ಈ ಕರಾರಿನೊಳಗೆ ಒಂದು ಮುಳ್ಳಿದೆ. ಜೊತೆಗೆ ಬಂದ ಕರು ಧಣಿಯದು, ಹಾಲು ಸಾಕುವವಳದು. ಕರು ಕುಡಿದ ಪ್ರತಿ ಗುಟುಕೂ ಆಕೆಗೆ ನಷ್ಟ. ಪಾಲಿನ ಎಮ್ಮೆಯ ಕರುಗಳು ಬಡಕಲಾಗಿ ಸಾಯುವುದು ಬಹಳ ಸಲ ಇದರಿಂದಲೇ. ಆದರೆ ಕರು ಸತ್ತರೆ ಎಮ್ಮೆ ಸೊರೆ ಬಿಡುವುದಿಲ್ಲ. ಕೆಚ್ಚಲು ತುಂಬಿದ್ದರೂ ಒದೆಯುತ್ತದೆ, ಹಿಂಡಿದಷ್ಟೂ ಕಡಿಮೆಯಾಗುತ್ತ ಬರುತ್ತದೆ. ಹಸುವಿಗಿಂತ ಎಮ್ಮೆಯಲ್ಲಿ ಇದು ಹೆಚ್ಚು. ಆದ್ದರಿಂದ ಒಂದು ಮೊಲೆ ಕರುವಿಗೇ ಬಿಡುವುದು ಧರ್ಮವಷ್ಟೇ ಅಲ್ಲ, ಲೆಕ್ಕವೂ ಹೌದು.

ಹಾಲು ಸಾಕಷ್ಟು ಕುಡಿದರೂ ಕರು ಸೊರಗಿದರೆ ಜಂತು ಇದೆಯೆಂದೇ ತಿಳಿಯಬೇಕು. ಎಮ್ಮೆಗರುವಿಗೆ ದುಂಡುಜಂತು ತಾಯಿಯ ಹಾಲಿನಿಂದಲೇ ಬರುತ್ತದೆ, ಹುಲ್ಲು ಮುಟ್ಟುವ ಮೊದಲೇ. ಹೊಟ್ಟೆ ಉಬ್ಬಿ, ಕೂದಲು ಒರಟಾಗಿ, ಜೇಡಿಮಣ್ಣಿನ ಬಣ್ಣದ ಗಬ್ಬುನಾತದ ಭೇದಿ ಶುರುವಾದಾಗ ಹೊತ್ತು ಮೀರಿರುತ್ತದೆ. ಹುಟ್ಟಿದ 10ರಿಂದ 15 ದಿನದೊಳಗೆ ಪಶುವೈದ್ಯರಿಂದ ಜಂತಿನ ಔಷಧ ಹಾಕಿಸಬೇಕು. ಗಿಣ್ಣದ ಹಾಲು ಹುಟ್ಟಿದ ಗಂಟೆಯೊಳಗೇ ಆಗಬೇಕು.

ಆಕೆಯ ಅದೃಷ್ಟ ತೆರೆದದ್ದು ಬೆದೆಯ ವಿಷಯದಲ್ಲಿ. ಜೂನ್‌ನಲ್ಲಿ ಈದ ಎಮ್ಮೆ ನವೆಂಬರ್‌ಗೆ ಗಬ್ಬ ನಿಂತಿತು. ಎಮ್ಮೆಯ ಗಬ್ಬ ಸುಮಾರು 310 ದಿನ, ಹಾಗಾಗಿ ಸೆಪ್ಟೆಂಬರ್‌ನಲ್ಲಿ ಈಯಿತು. ಯುಗಾದಿಗೆ ಬತ್ತಿದ್ದರಿಂದ ಹಾಲಿಲ್ಲದ ಕಾಲ ಐದು ತಿಂಗಳಷ್ಟೇ. ಆದರೆ ಒಂಟಿ ಎಮ್ಮೆಯ ಬೆದೆ ತಪ್ಪಿಹೋಗುವುದೇ ಹೆಚ್ಚು. ಹಸುವಿನಂತೆ ಗದ್ದಲ ಮಾಡುವುದಿಲ್ಲ, ಬಹಳ ಸಲ ರಾತ್ರಿ ಬರುತ್ತದೆ. ಬೆಳಗ್ಗೆ ಹಾಲು ಕಮ್ಮಿ, ಪದೇ ಪದೇ ಉಚ್ಚೆ, ಬಾಲದ ಬುಡದಲ್ಲಿ ಮೊಟ್ಟೆಯ ಬಿಳಿಯಂಥ ಲೋಳೆ: ಇಷ್ಟೇ ಗುರುತು. ಬೆಳಗ್ಗೆ ಕಂಡರೆ ಸಂಜೆಗೆ ಕೋಣ ಅಥವಾ ಗಬ್ಬದ ಸೂಜಿ. ತಪ್ಪಿದರೆ ಇನ್ನೂ 21 ದಿನ. ಹೀಗೆ ಎರಡು ಮೂರು ಸಲ ತಪ್ಪಿ ಬೇಸಿಗೆ ಬಂದರೆ, ಬಿಸಿಲಿಗೆ ಬೆದೆಯೇ ಕಾಣದೆ ಮಳೆಗಾಲದವರೆಗೂ ಗೊಡ್ಡು. ಆಗ ಎರಡಲ್ಲ, ಐದಾರು ಆಡು ಮಾರಬೇಕಾಗುತ್ತಿತ್ತು.

ಹಿಂಡಿಯ ಲೆಕ್ಕವನ್ನು ಕಥೆ ಜಾರಿಸಿದೆ. ಐದು ಲೀಟರ್ ಹಿಂಡುವ ಎಮ್ಮೆಗೆ ಮೈಗೆ ಒಂದು ಕಿಲೋ, ಲೀಟರಿಗೆ ಅರ್ಧ ಕಿಲೋ ಎಂದರೂ ದಿನಕ್ಕೆ ಮೂರೂವರೆ ಕಿಲೋ ಬೇಕು. ಜೋಳದ ಕಣಿಕೆ, ತೊಗರಿ ಹೊಟ್ಟು ಹೊಲದವು. ಹತ್ತಿಕಾಳು ಹಿಂಡಿ ಕೊಳ್ಳಲೇಬೇಕು. ಹಾಲಿನ ಹಣದ ದೊಡ್ಡ ಪಾಲು ಅಲ್ಲಿಗೇ.

ಇನ್ನೊಂದು ಮಾತನ್ನು ಕಥೆ ಎತ್ತುವುದೇ ಇಲ್ಲ: ಎಮ್ಮೆ ಸತ್ತರೆ ನಷ್ಟ ಯಾರದು? ವಿಮೆಯಿದ್ದರೆ ಅದು ಧಣಿಯ ಹೆಸರಲ್ಲಿರುತ್ತದೆ. ಎಮ್ಮೆಯ ಕಿವಿಯ ಗುರುತಿನ ಓಲೆ ಕಳೆದಿದ್ದರೆ ಹಣ ಬರುವುದಿಲ್ಲ, ಆ ಓಲೆ ಕಾಯುವುದು ಸಾಕುವವಳ ಕೆಲಸ. ಇದನ್ನು ಎಮ್ಮೆ ಹೊಡೆದುಕೊಂಡು ಬರುವ ದಿನವೇ ನಾಲ್ಕು ಮಂದಿಯ ಮುಂದೆ ಆಡಿಕೊಳ್ಳಬೇಕು. ಕಡೆಯ ಪುಟದ ಎಮ್ಮೆಗರುವಿಗೆ ಒಂಬತ್ತು ತಿಂಗಳು. ಅದು ಈಯಲು ಇನ್ನೂ ಮೂರು ವರ್ಷದ ಆಸುಪಾಸು ಬೇಕು. ಅಲ್ಲಿಯವರೆಗೆ ಪಾಲಿನ ಎಮ್ಮೆಯನ್ನು ಧಣಿ ವಾಪಸ್ ಕೇಳದಂತೆ ಕರಾರು ಎಷ್ಟು ಸೂಲಿನದು ಎಂಬುದೂ ಅದೇ ದಿನ ತೀರ್ಮಾನವಾಗಬೇಕು.