‘ಹಲ್ಲಿಗೆ’ ಯಾವ ಪದದ ಕೆಳಗೆ ಸೇರಬೇಕು?

ಪ್ರಶ್ನೆ: ಕನ್ನಡ ಲೇಖನಗಳಿಗೆ ಹುಡುಕಾಟದ ಸೌಲಭ್ಯ ಕಟ್ಟುತ್ತಿದ್ದೇನೆ. ಪದದ ಕೊನೆಯ ಪ್ರತ್ಯಯ ಕತ್ತರಿಸುವ ಕೋಡ್ ಬರೆದಿದ್ದೇನೆ. ಆದರೂ ‘ಊರು’ ಎಂದು ಹುಡುಕಿದರೆ ‘ಊರಲ್ಲಿ’ ಸಿಗುತ್ತಿಲ್ಲ, ‘ಹಲ್ಲು’ ಎಂದರೆ ‘ಹಲ್ಲಿಗೆ’ ಸಿಗುತ್ತಿಲ್ಲ. ಏನು ಮಾಡಲಿ?

ಉತ್ತರ: ಕತ್ತರಿಸಿದ್ದು ಸರಿಯಾಗಿಯೇ ಇದೆ. ಕತ್ತರಿಸಿದ ಮೇಲೆ ಉಳಿದ ತುಂಡನ್ನೇ ಮೂಲಪದ ಎಂದುಕೊಂಡಿದ್ದರಿಂದ ತೊಂದರೆಯಾಗಿದೆ. ‘ಊರು’ ಪದಕ್ಕೆ ‘ಅಲ್ಲಿ’ ಸೇರಿದಾಗ ಕೊನೆಯ ಉಕಾರ ಲೋಪವಾಗುತ್ತದೆ. ‘ಅಲ್ಲಿ’ಯ ಅಕಾರವೋ ‘ರ’ದೊಳಗೇ ಅಡಗಿಬಿಡುತ್ತದೆ, ಯೂನಿಕೋಡ್‌ನಲ್ಲಿ ಅದಕ್ಕೆ ಬೇರೆ ಚಿಹ್ನೆಯೇ ಇಲ್ಲ. ಹಾಗಾಗಿ ‘ಲ್ಲಿ’ ತೆಗೆದರೆ ‘ಊರ’ ಉಳಿಯುತ್ತದೆ. ಹೋದ ಉಕಾರವನ್ನು ನೀವೇ ಮರಳಿ ಕೂಡಿಸಬೇಕು.

ಆದರೆ ಎಲ್ಲ ಕಡೆಯೂ ಕೂಡಿಸುವಂತಿಲ್ಲ. ‘ಮರದಲ್ಲಿ’ಯಿಂದ ‘ಮರದ’ ಉಳಿದಾಗ ತೆಗೆಯಬೇಕಾದದ್ದು ನಡುವೆ ಬಂದ ‘ದ’. ಆದ್ದರಿಂದ ಒಂದೇ ಉತ್ತರಕ್ಕೆ ಗಂಟುಬೀಳದೆ, ಉಳಿದ ತುಂಡಿನಿಂದ ಸಾಧ್ಯವಿರುವ ರೂಪಗಳನ್ನೆಲ್ಲ ಮಾಡಿ, ನಿಘಂಟಿನ ಪದಪಟ್ಟಿಯಲ್ಲಿ ಇರುವುದನ್ನು ಮಾತ್ರ ಇಟ್ಟುಕೊಳ್ಳಿ:

```
ಊರಲ್ಲಿ   → ಊರ, ಊರು         → ಊರು
ಮರದಲ್ಲಿ  → ಮರದ, ಮರದು, ಮರ  → ಮರ
ಹಲ್ಲಿಗೆ   → ಹಲ್ಲಿ, ಹಲ್ಲು       → ಹಲ್ಲಿ, ಹಲ್ಲು
```

ಪ್ರತ್ಯಯಗಳು ಒಂದರ ಮೇಲೊಂದು ಬಂದಾಗ ಹೊರಗಿನಿಂದ ಒಳಕ್ಕೆ ಬಿಡಿಸುತ್ತ ಹೋಗಿ. ‘ಊರುಗಳಲ್ಲಿಯೂ’ ಎಂಬಲ್ಲಿ ಮೊದಲು ‘ಯೂ’, ಆಮೇಲೆ ‘ಲ್ಲಿ’, ಕೊನೆಗೆ ಬಹುವಚನದ ‘ಗಳ’.

ಮೂರನೆಯ ಸಾಲಿನಲ್ಲಿ ಎರಡೂ ಉಳಿದಿವೆ, ಎರಡೂ ನಿಜವಾದ ಪದಗಳೇ. ಇಲ್ಲಿ ಒಂದನ್ನು ಊಹಿಸಿ ಆರಿಸಬೇಡಿ ಎನ್ನುವುದು ನನ್ನ ಖಚಿತ ಸಲಹೆ. ಸೂಚಿಯಲ್ಲಿ ಒಂದೇ ಸ್ಥಾನದಲ್ಲಿ ಎರಡು ಮೂಲಪದಗಳನ್ನೂ ದಾಖಲಿಸಿ. ಹಲ್ಲಿನ ಬಗ್ಗೆ ಬರೆದ ಲೇಖನದಲ್ಲಿ ‘ಹಲ್ಲಿನ’ ಎಂಬ ರೂಪವೂ ಬಂದಿರುವ ಸಂಭವ ಹೆಚ್ಚು, ಅದು ‘ಹಲ್ಲು’ ಪದಕ್ಕೆ ಮಾತ್ರ ಸೇರುತ್ತದೆ. ಪ್ರಾಣಿಯ ಲೇಖನದಲ್ಲಾದರೆ ‘ಹಲ್ಲಿಯ’ ಎಂದಿರುತ್ತದೆ. ಇಂಥ ಸಂದೇಹವಿಲ್ಲದ ರೂಪಗಳಿಗೆ ಹೆಚ್ಚು ತೂಕ ಕೊಟ್ಟರೆ ಸರಿಯಾದ ಲೇಖನ ತಾನಾಗಿ ಮೇಲೆ ಬರುತ್ತದೆ.

‘ಪದ ಇದ್ದ ಹಾಗೇ ನಿಘಂಟಿನಲ್ಲಿ ಸಿಕ್ಕರೆ ಅಲ್ಲಿಗೇ ನಿಲ್ಲಿಸು’ ಎಂಬ ನಿಯಮ ಹಲವರು ಹಾಕುತ್ತಾರೆ. ‘ಹಲ್ಲಿ’ಯ ‘ಲ್ಲಿ’ ಕತ್ತರಿಸಿ ‘ಹ’ ಉಳಿಯುವುದನ್ನು ಅದು ತಪ್ಪಿಸುತ್ತದೆ ನಿಜ. ಆದರೆ ‘ಬಂದರು’ ಬಂದಾಗ ಅದೇ ನಿಯಮ ಕೈಕೊಡುತ್ತದೆ: ಹಡಗು ನಿಲ್ಲುವ ಜಾಗವೂ ಅದೇ, ‘ಅವರು ಬಂದರು’ ಎನ್ನುವುದೂ ಅದೇ. ಎರಡನೆಯದು ‘ಬರು’ ಧಾತುವಿಗೆ ಸೇರಬೇಕು. ಹಾಗಾಗಿ ಪದ ಸಿಕ್ಕರೂ ಬಿಡಿಸುವುದನ್ನು ಮುಂದುವರಿಸಿ. ಕ್ರಿಯಾಪದಗಳಲ್ಲಿ ಬಂದ–ಬರು, ಕೊಟ್ಟ–ಕೊಡು, ಬಿದ್ದ–ಬೀಳು ಇಂಥವನ್ನು ನಿಯಮಕ್ಕೆ ಒಗ್ಗಿಸಲು ಹೆಣಗಬೇಡಿ, ಪಟ್ಟಿ ಮಾಡಿಬಿಡಿ.

ವ್ಯಕ್ತಿನಾಮ, ಹೊಸ ಪದಗಳು ನಿಘಂಟಿನಲ್ಲಿ ಇರುವುದಿಲ್ಲ. ಅವಕ್ಕೆ ಬರೆದ ರೂಪವನ್ನೇ ಉಳಿಸಿಕೊಳ್ಳಿ. ಯಾವ ಮೂಲಪದವೂ ದೊರೆಯದ ರೂಪಗಳನ್ನು ಎಷ್ಟು ಸಲ ಬಂದಿವೆ ಎನ್ನುವ ಕ್ರಮದಲ್ಲಿ ಜೋಡಿಸಿ ಮೇಲಿನಿಂದ ಓದುತ್ತ ಹೋದರೆ, ಪದಪಟ್ಟಿಗೆ ಏನು ಸೇರಿಸಬೇಕು, ಯಾವ ಪ್ರತ್ಯಯ ಬಿಟ್ಟುಹೋಗಿದೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.