ರೂಮ್‌ಮೇಟುಗಳಿಗೇ ಸೂಪರ್‌ವೈಸರ್ ಆದರೆ

"ಅಣ್ಣಾ, ದುಬೈಗೆ ಬಂದು ವರ್ಷ ಆಯ್ತು. ಜೆಬೆಲ್ ಅಲಿಯ ಗೋದಾಮಿನಲ್ಲಿ ಈಗ ನನ್ನನ್ನೇ ಸೂಪರ್‌ವೈಸರ್ ಮಾಡಿದ್ದಾರೆ. ಒಂದೇ ರೂಮಿನಲ್ಲಿರೋ ಉಡುಪಿ ಕಡೆಯ ಇಬ್ಬರು ಗೆಳೆಯರು ನನ್ನ ಕೈಕೆಳಗೆ ಬಂದಿದ್ದಾರೆ. ಸ್ನೇಹವೂ ಕೆಡಬಾರದು, ನನ್ನ ಮಾತೂ ನಡೀಬೇಕು. ಏನು ಮಾಡ್ಲಿ?"

ತಮ್ಮಾ, ಮೊದಲು ಓವರ್‌ಟೈಮ್ ಕೆಲಸ, ಅಂದರೆ ಓಟಿ ಹಂಚೋದನ್ನು ಸರಿಮಾಡಿಕೋ. ಇಲ್ಲಿ ಮನಸ್ತಾಪ ಹುಟ್ಟೋದು ಹೆಚ್ಚಾಗಿ ಅಲ್ಲೇ.

ಲೆಕ್ಕ ನೋಡು. ಮೂಲ ವೇತನ 1200 ದಿರ್ಹಂ ಇರೋನಿಗೆ ಗಂಟೆಗೆ ಸುಮಾರು 5 ದಿರ್ಹಂ ಬೀಳುತ್ತೆ. ಓಟಿಗೆ ಕಾನೂನಿನ ಪ್ರಕಾರ ಅದರ ಮೇಲೆ ಕನಿಷ್ಠ ಶೇಕಡ 25 ಸೇರಿಸಿ ಕೊಡಬೇಕು. ರಾತ್ರಿ 10ರಿಂದ ಬೆಳಗಿನ 4ರ ಒಳಗಾದರೆ ಶೇಕಡ 50. ಹಗಲಲ್ಲೇ ದಿನಕ್ಕೆ 2 ಗಂಟೆಯಂತೆ 20 ದಿನ ಮಾಡಿದರೂ 250 ದಿರ್ಹಂ. ಊರಿಗೆ ಹೋಗೋ ದುಡ್ಡು ಅದು. ನಿನ್ನ ರೂಮಿನವರಿಗೆ ಎರಡು ದಿನ ಹೆಚ್ಚು ಸಿಕ್ಕರೆ ಸಾಕು, ನೇಪಾಳಿಯೂ ಮಲಯಾಳಿಯೂ ಮನಸ್ಸಲ್ಲೇ ಬರೆದಿಟ್ಟುಕೊಳ್ತಾರೆ. ಹಾಗಂತ ಹೆದರಿ ಗೆಳೆಯರಿಗೆ ಕಡಿಮೆ ಕೊಟ್ಟರೆ ಅದೂ ಅನ್ಯಾಯವೇ.

ಅದಕ್ಕೆ ಒಂದು ಹಾಳೆ ಮಾಡಿ ಎಲ್ಲರಿಗೂ ಕಾಣೋ ಕಡೆ ಅಂಟಿಸು. ಹೆಸರು, ಈ ತಿಂಗಳು ಇದುವರೆಗೆ ಆದ ಓಟಿ ಗಂಟೆ, ಅಷ್ಟೇ. ಯಾರದ್ದು ಕಡಿಮೆಯೋ ಮೊದಲು ಅವರನ್ನು ಕೇಳು. ಬೇಡ ಅಂದರೆ ಅಲ್ಲೇ 'ಬೇಡ' ಅಂತ ಬರೆದು ಮುಂದಿನವನನ್ನು ಕೇಳು. ಕಂಟೇನರ್ ಬಂದು ಫೋರ್ಕ್‌ಲಿಫ್ಟ್ ಲೈಸೆನ್ಸ್ ಇದ್ದವನೇ ಬೇಕಾದಾಗ ಸರದಿ ತಪ್ಪುತ್ತೆ; ಆಗ ಕಾರಣವನ್ನು ಎಲ್ಲರ ಮುಂದೆ ಹೇಳಿಬಿಡು. ರಜೆಗೂ ಹೀಗೇ, ಅರ್ಜಿ ಕೊಟ್ಟ ತಾರೀಖು ನೋಡು. ರೂಮಿನಲ್ಲಿ ಊಟದ ಹೊತ್ತಿಗೆ ಬಾಯಲ್ಲಿ ಕೇಳಿದ್ದು ಅರ್ಜಿಯಲ್ಲ.

ಎರಡನೇ ಕಷ್ಟ ರೂಮಿನವರೇ ತರೋದು. ಒಬ್ಬ ಮೂರು ದಿನ ಇಪ್ಪತ್ತು ನಿಮಿಷ ತಡವಾಗಿ ಬಂದು, "ಟೈಮ್ ಸರಿ ಮಾಡಿ ಹಾಕು ಮಾರಾಯ" ಅಂತಾನೆ. ಎಲ್ಲರೆದುರು ರೇಗಬೇಡ, ರೂಮಿಗೆ ಬಂದ ಮೇಲೆ ಹೇಳೋಣ ಅಂತಲೂ ಬಿಡಬೇಡ. ಡ್ಯೂಟಿಯಲ್ಲೇ ಪಕ್ಕಕ್ಕೆ ಕರೆದು, "ಬಂದ ಟೈಮನ್ನೇ ಹಾಕ್ತೀನಿ. ಬಸ್ ತಪ್ಪಿದ್ದಾದರೆ ಈಗಲೇ ಹೇಳು, ಕಾರಣ ಬರೀತೀನಿ. ನಾಳೆಯೂ ತಡವಾದರೆ ಮೇಲಕ್ಕೆ ತಿಳಿಸ್ಬೇಕಾಗುತ್ತೆ" ಅನ್ನು. ಮಾರನೇ ದಿನ ತಡವಾದರೆ ತಿಳಿಸಲೇಬೇಕು. ಇಲ್ಲದಿದ್ದರೆ ಆ ಮಾತನ್ನು ಆಡದಿರೋದೇ ವಾಸಿ. ಸಂಬಳ ಕಡಿತ, ವಾರ್ನಿಂಗ್ ಲೆಟರ್ ಎಲ್ಲ ಎಚ್‌ಆರ್ ಕೈಯಲ್ಲಿರುತ್ತೆ, ಅವುಗಳ ಹೆಸರಲ್ಲಿ ಹೆದರಿಸೋಕೆ ಹೋಗಬೇಡ.

ಇನ್ನೊಂದು, ಕೆಲಸದ ಜಾಗದಲ್ಲಿ ತುಳು, ಕನ್ನಡ ಬೇಡ. ನೀನು ಬರೀ ಟ್ರಾಲಿ ತರೋಕೆ ಹೇಳಿದರೂ ಅರ್ಥವಾಗದವರಿಗೆ ಒಳಮಾತಿನ ಹಾಗೆ ಕಾಣುತ್ತೆ. ಹಿಂದಿಯಲ್ಲೇ ಹೇಳು.

ಕಂಪನಿ ಸೂಪರ್‌ವೈಸರ್‌ಗಳಿಗೆ ಬೇರೆ ರೂಮ್ ಕೊಟ್ಟರೆ ಸಂಕೋಚಪಡದೆ ಹೋಗು. ಮೆಸ್ಸಿನ ಪಾಲು ಮಾತ್ರ ಹಳೇ ರೂಮಿನಲ್ಲೇ ಕಟ್ಟು. ಅಡುಗೆ ಸರದಿ ಬಂದ ದಿನ ನೀನೂ ಈರುಳ್ಳಿ ಹೆಚ್ಚು.