ಹತ್ತು ದಿನಕ್ಕೆ ಪೇಸ್ಟ್ ಬಿಡಬೇಡಿ, ಬಿಸಿ ಕಾಫಿಗೂ ನೋವು ಬಂದರೆ ಕಾಯಬೇಡಿ

ಪ್ರಶ್ನೆ: ಐಸ್ ನೀರು ಕುಡಿದ್ರೆ ಎಡಗಡೆ ಹಲ್ಲು ಜುಮ್ ಅನ್ನುತ್ತೆ. ಪೊಟ್ಯಾಸಿಯಂ ನೈಟ್ರೇಟ್ ಇರೋ ಪೇಸ್ಟ್ ತಂದು ಹತ್ತು ದಿನ ಆಯ್ತು, ಏನೂ ವ್ಯತ್ಯಾಸ ಕಾಣ್ತಿಲ್ಲ. ಇದು ಕೆಲಸ ಮಾಡುತ್ತಾ? ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು?

ನಾನು ಹಲ್ಲಿನ ಡಾಕ್ಟರ್. ಈ ಪೇಸ್ಟಿಗೆ ಹತ್ತು ದಿನ ಸಾಲದು. ಸಾಮಾನ್ಯವಾಗಿ ಎರಡನೇ ವಾರದ ಹೊತ್ತಿಗೆ ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಪೂರ್ತಿ ಗುಣ ಗೊತ್ತಾಗಲು ನಾಲ್ಕು ವಾರ ಬೇಕು.

ಇಷ್ಟು ದಿನ ಯಾಕೆ ಅಂದರೆ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕೆಳಗೆ ಡೆಂಟಿನ್ ಅನ್ನುವ ಪದರ ಇದೆ. ಅದರ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು. ಒಸಡು ಕೆಳಗಿಳಿದರೆ ಅಥವಾ ಎನಾಮಲ್ ಸವೆದರೆ ಅವುಗಳ ಬಾಯಿ ತೆರೆದುಕೊಳ್ಳುತ್ತದೆ. ತಣ್ಣೀರು ತಾಗಿದಾಗ ಒಳಗಿನ ದ್ರವ ಅಲುಗಾಡುತ್ತದೆ, ನರ ಜುಮ್ ಅನ್ನುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಆ ಕೊಳವೆಗಳನ್ನು ಮುಚ್ಚುವುದಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಒಳಕ್ಕೆ ಇಳಿದು, ನರದ ಸುತ್ತ ಸೇರಿ, ಅದು ನೋವಿನ ಸುದ್ದಿ ಕಳಿಸದಂತೆ ತಡೆಯುತ್ತದೆ ಎಂಬುದು ಇದುವರೆಗಿನ ತಿಳಿವಳಿಕೆ. ದಿನಾ ಎರಡು ಸಲ, ಸ್ವಲ್ಪ ಸ್ವಲ್ಪವೇ ಸೇರಬೇಕು. ಹಾಗಾಗಿಯೇ ತಡ. ಬಿಟ್ಟರೆ ಜುಮ್ ಅನ್ನುವುದು ಮತ್ತೆ ಬರಬಹುದು.

ಟ್ಯೂಬಿನ ಹಿಂದೆ ಪೊಟ್ಯಾಸಿಯಂ ನೈಟ್ರೇಟ್ 5% ಅಂತ ಇದೆಯಾ ನೋಡಿ. ಸಾಮಾನ್ಯವಾಗಿ ಇರುವ ಪ್ರಮಾಣ ಅದೇ. (ಇದು ನಮ್ಮ ಹಳೆಯ ಪೆಟ್ಲುಪ್ಪು. ಹಾಗಂತ ಪೆಟ್ಲುಪ್ಪು ತಂದು ಹಲ್ಲಿಗೆ ಉಜ್ಜಬೇಡಿ.) ಕೆಲವು ಪೇಸ್ಟುಗಳಲ್ಲಿ ಇದರ ಬದಲು ಆರ್ಜಿನೈನ್ ಅಥವಾ ಸ್ಟ್ಯಾನಸ್ ಫ್ಲೋರೈಡ್ ಇರುತ್ತದೆ. ಅವು ಕೊಳವೆಯ ಬಾಯನ್ನೇ ಮುಚ್ಚುವ ದಾರಿ ಹಿಡಿಯುತ್ತವೆ. ನಾಲ್ಕು ವಾರದ ನಂತರವೂ ಒಂದು ನಿಮಗೆ ಹಿಡಿಸದಿದ್ದರೆ ಇನ್ನೊಂದನ್ನು ನೋಡಬಹುದು. ಆದರೆ ವಾರಕ್ಕೊಂದು ಪೇಸ್ಟ್ ಬದಲಾಯಿಸಿದರೆ ಯಾವುದಕ್ಕೂ ಸಮಯ ಕೊಟ್ಟಂತಾಗುವುದಿಲ್ಲ.

ಬಹಳ ಜನ ಪೇಸ್ಟ್ ಹಚ್ಚಿದ ಕೂಡಲೇ ನಾಲ್ಕೈದು ಸಲ ಬಾಯಿ ಮುಕ್ಕಳಿಸುತ್ತಾರೆ. ಔಷಧಿಯೆಲ್ಲ ಸಿಂಕಿಗೆ ಹೋಗುತ್ತದೆ. ನೊರೆ ಉಗುಳಿ, ಸಾಕು. ರಾತ್ರಿ ಮಲಗುವ ಮುಂಚೆ ಬಟಾಣಿ ಕಾಳಿನಷ್ಟು ಪೇಸ್ಟನ್ನು ಬೆರಳಿಂದ ನೋಯುವ ಜಾಗದಲ್ಲಿ, ಒಸಡಿನ ಅಂಚಿಗೆ ಸವರಿ ಬಿಡಿ. ಮೃದು ಬ್ರಷ್ ಇರಲಿ. ನಿಂಬೆಹಣ್ಣಿನ ಶರಬತ್ತು ಕುಡಿದ ಮೇಲೆ ಅರ್ಧ ಗಂಟೆ ಬ್ರಷ್ ಮಾಡಬೇಡಿ, ಹುಳಿಯಿಂದ ಎನಾಮಲ್ ಆಗ ಮೆತ್ತಗಾಗಿರುತ್ತದೆ.

ಈಗ ಡಾಕ್ಟರ್ ವಿಷಯ. ನನ್ನ ಹತ್ತಿರ ಬಂದಿದ್ದ ಒಬ್ಬರಿಗೆ ಎರಡು ಕಡೆ ತೊಂದರೆ ಇತ್ತು. ಮೇಲಿನ ಕೋರೆಹಲ್ಲು, ಅದರ ಪಕ್ಕದ ಹಲ್ಲು ತಣ್ಣಗೆ ತಾಗಿದರೆ ಚುರ್ ಅಂತಿತ್ತು. ನೀರು ನುಂಗಿದ ಕೂಡಲೇ ನಿಲ್ಲುತ್ತಿತ್ತು. ಅಲ್ಲಿ ಒಸಡು ಇಳಿದು, ಹಲ್ಲಿನ ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗೀರು ಬಿದ್ದಿತ್ತು. ಗಟ್ಟಿ ಬ್ರಷ್ಷಿನಲ್ಲಿ ಅಡ್ಡಡ್ಡ ಉಜ್ಜಿದ್ದರ ಗುರುತು. ಕೆಳಗಿನ ದವಡೆ ಹಲ್ಲಿನದ್ದು ಬೇರೆ. ಕಾಫಿ ಕುಡಿದರೆ ನೋವು ಶುರುವಾಗಿ, ಲೋಟ ಕೆಳಗಿಟ್ಟ ಮೇಲೂ ಎರಡು ಮೂರು ನಿಮಿಷ ಇರುತ್ತಿತ್ತು. ರಾತ್ರಿ ಎಚ್ಚರವೂ ಆಗುತ್ತಿತ್ತು. ಅವರು ಎರಡಕ್ಕೂ ಒಂದೇ ಪೇಸ್ಟ್ ಏಳು ವಾರ ಹಚ್ಚಿದ್ದರು. ಕೋರೆಹಲ್ಲಿನದ್ದು ಮೂರನೇ ವಾರಕ್ಕೆ ತಗ್ಗಿತ್ತು. ದವಡೆ ಹಲ್ಲಿನಲ್ಲಿ ಹುಳುಕು ಎರಡು ಹಲ್ಲಿನ ಸಂದಿಯಲ್ಲಿ ಅಡಗಿತ್ತು, ಎಕ್ಸ್‌ರೇಯಲ್ಲೇ ಕಂಡಿದ್ದು. ಅಷ್ಟು ಹೊತ್ತಿಗೆ ಹುಳುಕು ನರದವರೆಗೆ ಹೋಗಿತ್ತು. ರೂಟ್ ಕೆನಾಲ್ ಮಾಡಲೇಬೇಕಾಯಿತು. ಮೊದಲೇ ಬಂದಿದ್ದರೆ ಬಹುಶಃ ಬರೀ ಫಿಲ್ಲಿಂಗಿನಲ್ಲಿ ಮುಗಿಯುತ್ತಿತ್ತು, ನನಗೆ ಬೇಜಾರಾಗಿದ್ದು ಅದಕ್ಕೆ.

ನಿಮ್ಮದು ಎಡಗಡೆ ಒಂದೇ ಹಲ್ಲಾ, ನಾಲ್ಕೈದು ಹಲ್ಲಾ? ಒಂದೇ ಹಲ್ಲಾದರೆ ಹುಳುಕು, ಬಿರುಕು ಅಥವಾ ಹಳೆ ಫಿಲ್ಲಿಂಗ್ ಸಡಿಲ ಆಗಿರುವ ಸಾಧ್ಯತೆ ಜಾಸ್ತಿ, ನಾಲ್ಕು ವಾರ ಕಾಯದೆ ತೋರಿಸಿ. ತಣ್ಣೀರು ಕುಡಿದು ಗಡಿಯಾರ ನೋಡಿ. ಅರ್ಧ ನಿಮಿಷಕ್ಕಿಂತ ಹೆಚ್ಚು ನೋವು ಉಳಿದರೆ, ಬಿಸಿಗೂ ನೋವು ಬಂದರೆ, ಏನೂ ತಾಗದೆ ತಾನಾಗಿಯೇ ನೋಯತೊಡಗಿದರೆ ಪೇಸ್ಟಿನ ಕೆಲಸ ಅಲ್ಲಿಗೆ ಮುಗಿಯಿತು. ಚಕ್ಕುಲಿಯಂಥ ಗಟ್ಟಿ ತಿಂಡಿ ಕಚ್ಚಿ ಬಿಡುವಾಗ ಚುಚ್ಚಿದಂತಾದರೆ ಬಿರುಕು ಇರಬಹುದು. ಮುಖ ಊದಿದರೆ, ಜ್ವರ ಬಂದರೆ ಅವತ್ತೇ ಹೋಗಿ. ಇದ್ಯಾವುದೂ ಇಲ್ಲದೆ ಕೆಲವು ಹಲ್ಲು ಜುಮ್ ಅಂದು ತಕ್ಷಣ ನಿಲ್ಲುತ್ತಿದ್ದರೆ ಇನ್ನೂ ಹದಿನೆಂಟು ದಿನ ಹಚ್ಚಿ. ಆಮೇಲೂ ಹಾಗೇ ಇದ್ದರೆ ಬಂದು ತೋರಿಸಿ.

ಹೋಗುವಾಗ ನಿಮ್ಮ ಬ್ರಷ್ ತಗೊಂಡು ಹೋಗಿ. ಅದರ ಎಳೆಗಳು ಎರಡು ಕಡೆಗೆ ಬಾಗಿ ಮಲಗಿದ್ದರೆ, ನೀವು ಎಷ್ಟು ಒತ್ತಿ ಉಜ್ಜುತ್ತೀರಿ ಎಂದು ಡಾಕ್ಟರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.